ಹನ್ನೆರಡು ಸಾಲಿನ ಸಾರಾಂಶ

"ಕಾಕಾ, ತಿಳಿಸಿ ಹೇಳಾಕ ಹೋಗಬ್ಯಾಡ್ರಿ. ಬರಸ್ರಿ, ಸಾಕು."

ಕೆಳಗಿನ ಮನೆಯ ಹುಡುಗ ನೋಟುಬುಕ್ಕು ಬಿಚ್ಚಿ, ಪೆನ್ನಿನ ಟೋಪಿ ಹಲ್ಲಲ್ಲಿ ಕಚ್ಚಿಕೊಂಡು ನನ್ನ ಎದುರು ಕೂತಿದ್ದ. ಹತ್ತನೆಯ ತರಗತಿ. ಮರುದಿನ ಕನ್ನಡದ ಟೆಸ್ಟು. ಪದ್ಯದ ಸಾರಾಂಶ ಹನ್ನೆರಡು ಸಾಲು ಇರಬೇಕಂತೆ. ಹನ್ನೊಂದೂ ಅಲ್ಲ, ಹದಿಮೂರೂ ಅಲ್ಲ. ಪದ್ಯ ಯಾರದು ಅಂತ ಕೇಳಿದೆ. ಪುಸ್ತಕ ನನ್ನ ಕಡೆ ತಿರುಗಿಸಿದ. ಕುಮಾರವ್ಯಾಸ. ಗದುಗಿನಲ್ಲಿ ಕೂತುಕೊಂಡು, ವೀರನಾರಾಯಣನ ಗುಡಿಯ ಗಂಟೆ ಕೇಳುವಷ್ಟು ಹತ್ತಿರದ ಮನೆಯಲ್ಲಿ, ಈ ಹುಡುಗ ಕುಮಾರವ್ಯಾಸನನ್ನು ತಿಳಿಸಬೇಡ ಅನ್ನುತ್ತಿದ್ದಾನೆ. "ತಿಳಿಯ ಹೇಳುವೆ ಕೃಷ್ಣಕಥೆಯನು" ಅಂತ ಆ ಮಹಾಶಯ ಮೊದಲಿಗೇ ಹೇಳಿಕೊಂಡಿದ್ದಾನಲ್ಲ, ಅವನಿಗೆ ಏನು ಉತ್ತರ ಕೊಡಲಿ?

ಕೃಷ್ಣನ ಮಾತು ಕೇಳಿದ ಕರ್ಣನ ಪದ್ಯ ಇದು:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

"ಮೊದಲ ನೀ ಬರದಿದ್ದು ಓದು" ಅಂದೆ. ಓದಿದ. "ಕರ್ಣನಿಗೆ ಸೆರೆ ಸಿಕ್ಕಿದ್ದರಿಂದ ಹಿಗ್ಗಿದನು."

ನಾನು ನಕ್ಕೆ. ಅವನಿಗೆ ಸಿಟ್ಟು ಬಂತು. "ಯಾಕ್ರಿ, ಶೆರೆ ಕುಡದ್ರ ಹಿಗ್ಗು ಬರೂದಿಲ್ಲೇನು?"

ತಪ್ಪು ಅವನದಲ್ಲ. ನಮ್ಮ ಕಡೆ ಶೆರೆ ಅಂದರೆ ಒಂದೇ, ಅದನ್ನು ಕುಡಿದವರು ಹಿಗ್ಗುವುದನ್ನು ಅವನು ದಿನಾ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ನೋಡುತ್ತಾನೆ. ಪುಸ್ತಕದ ಕನ್ನಡ ಓದಿದವರು ಸೆರೆ ಅಂದರೆ ಜೈಲು ಅನ್ನುತ್ತಾರೆ. ಇಲ್ಲಿರುವುದು ಎರಡೂ ಅಲ್ಲ, ಕೊರಳಿನ ನರ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಪ್ಪನ ಗಂಟಲ ಸೆರೆ ಉಬ್ಬಿ ಬಂತು ಅನ್ನುತ್ತೇವಲ್ಲ, ಅದು. ಹಿಗ್ಗು ಅನ್ನುವುದಕ್ಕೂ ಇಲ್ಲಿ ಸಂತೋಷ ಇಲ್ಲ, ಉಬ್ಬುವುದು ಅಷ್ಟೆ. ಅಳು ಬಂದು ಕೊರಳು ಕಟ್ಟಿದ ಮನುಷ್ಯನನ್ನು ಇವನು ಕುಣಿಯುವ ಕುಡುಕನನ್ನಾಗಿ ಮಾಡಿದ್ದ. ಕರ್ಣ ಇದನ್ನೂ ತಡೆದುಕೊಳ್ಳುತ್ತಿದ್ದ ಅನ್ನಿ.

ಮುಂದಿನ ತೊಡಕು 'ನರುಹಿ'. ಶಬ್ದಕೋಶದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ ಅಂತ ದೂರು. ಸಿಗುವುದಾದರೂ ಹೇಗೆ? ಅಂಥ ಶಬ್ದವೇ ಇಲ್ಲ. 'ವಂಶವನರುಹಿ' ಅನ್ನುವುದು ಒಂದೇ ಉಸಿರು. ವಂಶವನ್ನು ಅರುಹಿ, ಅಂದರೆ ತಿಳಿಸಿ. ಭಾಮಿನಿ ಷಟ್ಪದಿಯಲ್ಲಿ ಸಣ್ಣ ಸಾಲಿಗೆ 14 ಮಾತ್ರೆ, ಮೂರು ನಾಲ್ಕು ಮೂರು ನಾಲ್ಕು ಅಂತ. 'ಬರಿದೆ, ಹೋಹುದೆ, ತನ್ನ, ವಂಶವ' ಅನ್ನುವಷ್ಟರಲ್ಲಿ ಲೆಕ್ಕ ಮುಗಿಯಿತು. ಉಳಿದ 'ನ' ಕೆಳಗಿನ ಸಾಲಿಗೆ ಇಳಿಯಿತು. ಬಸ್ಸು ತುಂಬಿದಾಗ ಒಂದೇ ಮನೆಯವರು ಎರಡು ಬಸ್ಸಿನಲ್ಲಿ ಹೋಗುವುದಿಲ್ಲವೇ, ಹಾಗೆ. ಸಾಲು ಮುಗಿಯಿತು ಅಂತ ಮಾತು ಮುಗಿಯಲಿಲ್ಲ. ಈ ಪದ್ಯಗಳನ್ನು ಕಣ್ಣಿಂದ ಓದಿದವರು ಕೆಡುತ್ತಾರೆ, ಬಾಯಿಂದ ಓದಿದವರು ಉಳಿಯುತ್ತಾರೆ. ಜೋರಾಗಿ ಓದು ಅಂದೆ. ಓದಿದ. 'ವಂಶವನರುಹಿ' ತಾನಾಗಿಯೇ ಕೂಡಿಕೊಂಡಿತು. ಅವನ ಮುಖ ನೋಡಬೇಕಿತ್ತು. ಕಳೆದ ನಾಲ್ಕಾಣೆ ಸಿಕ್ಕವರ ಹಾಗಿತ್ತು.

ಈಗ ಒಂದು ಮಾತು ಹೇಳಲೇಬೇಕು. ಸಾರಾಂಶ ಬರೆಯುವ ವಿಷಯದಲ್ಲಿ ನಾನೂ ಅಂಥ ಶೂರನೇನಲ್ಲ. ನಾನು ಹತ್ತನೇ ಇಯತ್ತೆ ಓದುವಾಗ ನಮ್ಮ ಸೋದರಮಾವ ನನ್ನನ್ನು ಗುಡಿಗೆ ಕರೆದುಕೊಂಡು ಹೋಗಿ ಕುಮಾರವ್ಯಾಸನ ಕಂಬ ತೋರಿಸಿದ. ಕವಿ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಬಂದು ಈ ಕಂಬಕ್ಕೆ ಆತು ಕೂರುತ್ತಿದ್ದನಂತೆ. ಬಟ್ಟೆ ಒಣಗುವ ತನಕ ಪದ್ಯ ಬರುತ್ತಿತ್ತಂತೆ, ಒಣಗಿದ ಮೇಲೆ ನಿಲ್ಲುತ್ತಿತ್ತಂತೆ. ಊರೆಲ್ಲ ಹೇಳುವ ಕಥೆ. ಮಾವ ಹೇಳಿ ಮರೆತ. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಮಾರ್ಚ್ ತಿಂಗಳು, ಪರೀಕ್ಷೆಗೆ ನಾಲ್ಕು ದಿನ. ಬೆಳಿಗ್ಗೆ ಎದ್ದು ತಣ್ಣೀರು ಸುರುವಿಕೊಂಡೆ, ಟವೆಲ್ಲನ್ನು ಹಿಂಡದೆ ಸುತ್ತಿಕೊಂಡೆ, ಮಾಳಿಗೆ ಏರಿ ನೋಟುಬುಕ್ಕು ಹಿಡಿದು ಕೂತೆ. ನೀರಿನ ತಂಬಿಗೆಗೆ ಬೆನ್ನು ಕೊಟ್ಟೆ, ಕಂಬ ಇರಲಿಲ್ಲವಲ್ಲ.

"ಈ ಪದ್ಯದಲ್ಲಿ ಕವಿಯು" ಅಂತ ಬರೆದೆ. ಅಷ್ಟರಲ್ಲಿ ಟವೆಲ್ಲಿನ ಒಂದು ಅಂಚು ಒಣಗಿತ್ತು. ಗದುಗಿನ ಮಾರ್ಚ್ ಬಿಸಿಲು, ಮಣ್ಣಿನ ಮಾಳಿಗೆ, ಕೇಳಬೇಕೇ? ಮೂರನೆಯ ಸಾಲಿಗೆ ಪೂರಾ ಒಣಗಿತು. ಕೆಳಗಿಳಿದು ಮತ್ತೆ ನೆನೆಸಿಕೊಂಡು ಬಂದೆ. ಹಾಗೆ ಐದು ಸಲ ಹತ್ತಿ ಇಳಿದೆ. ಕಟ್ಟಿಗೆಯ ಏಣಿ, ಒದ್ದೆ ಕಾಲು. ಐದನೆಯ ಸಲ ಏಣಿಯ ಮೇಲೆ ಜಾರಿ, ಕೆಳಗೆ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಕೂತೆ. ಅವ್ವ ಓಡಿ ಬಂದಳು. ನನ್ನನ್ನಲ್ಲ, ಸಂಡಿಗೆಯನ್ನು ನೋಡಿದಳು. ವಿಷಯ ಕೇಳಿ, "ಅಂವಾ ಕಲ್ಲಿನ ಗುಡಿಯೊಳಗ ನೆಳ್ಳಾಗ ಕೂತಿದ್ದ. ನೀ ಹಪ್ಪಳ ಒಣಗಸೋ ಜಾಗಾದಾಗ ಕೂತಿ" ಅಂದಳು. ಕುಮಾರವ್ಯಾಸನ ಕಾವ್ಯ ಅಷ್ಟು ಉದ್ದ ಯಾಕಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಇವತ್ತಿನವರೆಗೂ ಕೇಳಿಲ್ಲ. ಸಂಜೆಗೆ ನೆಗಡಿ, ಮರುದಿನ ಜ್ವರ. ಕನ್ನಡ ಪೇಪರನ್ನು ಸೀನುತ್ತ ಬರೆದೆ. ಸಾರಾಂಶಕ್ಕೆ ಗೈಡಿನ ಮಾತುಗಳನ್ನೇ ಇಳಿಸಿದೆ. "ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ" ಅಂದವನು ಅವನು. ಹಲಗೆ ಬಳಪ ಮುಟ್ಟಲಿಲ್ಲ, ಇಟ್ಟ ಪದ ಅಳಿಸಲಿಲ್ಲ, ಇನ್ನೊಬ್ಬರ ರೀತಿ ತೆಗೆದುಕೊಳ್ಳಲಿಲ್ಲ ಅಂತ ಹೆಮ್ಮೆಪಟ್ಟವನ ಪದ್ಯಕ್ಕೆ ನಾನು ಗೈಡಿನಿಂದ ಕದ್ದ ಸಾರಾಂಶ ಬರೆದೆ.

ಗೈಡು ಅಂದಾಗ ನೆನಪಾಯಿತು. ಹುಡುಗನ ಬ್ಯಾಗಿನಲ್ಲೂ ಒಂದಿತ್ತು. ತೆಗೆಸಿ ನೋಡಿದೆ. "ಪ್ರಸ್ತುತ ಪದ್ಯದಲ್ಲಿ ಕವಿಯು ಕರ್ಣನ ಸ್ವಾಮಿನಿಷ್ಠೆಯನ್ನು ಮನೋಜ್ಞವಾಗಿ ವರ್ಣಿಸಿದ್ದಾನೆ." ಈ 'ಮನೋಜ್ಞ' ಕಂಡರೆ ನನಗೆ ಮೈ ಉರಿಯುತ್ತದೆ. ಕರ್ಣನನ್ನು ತೆಗೆದು ಶಬರಿಯನ್ನು ಹಾಕಿ, ಸ್ವಾಮಿನಿಷ್ಠೆ ತೆಗೆದು ಭಕ್ತಿ ಹಾಕಿ, ವಾಕ್ಯಕ್ಕೆ ಒಂಚೂರೂ ನೋವಾಗುವುದಿಲ್ಲ. ಎಲ್ಲರ ಕಾಲಿಗೂ ಆಗುವ ಚಪ್ಪಲಿ ಯಾರ ಕಾಲಿಗೂ ಸರಿ ಆಗುವುದಿಲ್ಲ. ಅದಕ್ಕೆ ಅಂಕ ಬೇರೆ ಕೊಡುತ್ತಾರೆ.

ಪದ್ಯದಲ್ಲಿ ಇರುವುದನ್ನೇ ಸುಮ್ನೆ ಸಾಲಾಗಿ ಹೇಳಿದರೆ ಸಾಕಲ್ವಾ? ಪಾಂಡವ ಕೌರವರ ಸಂಧಿಯ ಮಾತು ಮುರಿದಿದೆ. ಕೃಷ್ಣ ಕರ್ಣನನ್ನು ರಥಕ್ಕೆ ಎಳೆದುಕೊಂಡು, ಮೈದುನತನದ ಸರಸ ಮಾಡಿ, ಪಕ್ಕದಲ್ಲಿ ಕೂರಿಸಿ, ನೀನು ಕುಂತಿಯ ಮೊದಲ ಮಗ ಅಂದಿದ್ದಾನೆ. ಹುಟ್ಟಿದಾಗಿನಿಂದ ಸೂತಪುತ್ರ ಅನ್ನಿಸಿಕೊಂಡವನಿಗೆ ಅಮ್ಮ ಸಿಕ್ಕಳು, ಐದು ಜನ ತಮ್ಮಂದಿರು ಸಿಕ್ಕರು, ರಾಜ್ಯವೂ ಸಿಗುತ್ತದೆ. ಈಗ ಅವನ ಬಾಯಲ್ಲಿ, ಅಲ್ಲ ಮನಸ್ಸಿನಲ್ಲಿ, ಮೊದಲು ಬರುವ ಮಾತು ಏನು? ಅಯ್ಯೋ ಅವ್ವಾ ಅಂತಲೂ ಅಲ್ಲ, ನನ್ನ ಗತಿ ಏನು ಅಂತಲೂ ಅಲ್ಲ. ಅಕಟಾ, ದುರ್ಯೋಧನನಿಗೆ ಕೇಡಾಯಿತು. ತಾನು ಸತ್ತ ಮಾತು ಬರುವುದು ಕೊನೆಯ ಸಾಲಿಗೆ. ಈ ಹಿಂದುಮುಂದು ಹಿಡಿದರೆ ಪದ್ಯ ಕೈಗೆ ಸಿಕ್ಕ ಹಾಗೆ. ಆಮೇಲೆ 'ಅರುಹಿ ಕೊಂದನು'. ಬಾಣ ಇಲ್ಲ, ಚಕ್ರ ಇಲ್ಲ. ನಿಜ ಹೇಳಿ ಕೊಂದ. ತಮ್ಮಂದಿರು ಅಂತ ಗೊತ್ತಾದ ಮೇಲೆ ಅವರ ಮೇಲೆ ಬಾಣ ಹೇಗೆ ಬಿಟ್ಟಾನು? ಅವನ ಕೈ ಸತ್ತರೆ ದುರ್ಯೋಧನನೂ ಸತ್ತ.

ಇಷ್ಟು ಹೇಳುವಾಗ ಹುಡುಗ ಬರೆಯುವುದು ನಿಲ್ಲಿಸಿದ್ದ. ಮತ್ತೆ ಶುರುಮಾಡಿ, "ಕೃಷ್ಣನು ತನ್ನ ವಂಶವನ್ನು ಕೊಂದನು" ಅಂತ ಬರೆದ. ಇಲ್ಲಪ್ಪಾ, 'ತನ್ನ' ಅಂದರೆ ಕರ್ಣನದು, ಯೋಚಿಸುತ್ತಿರುವವನು ಅವನು ಅಂದೆ. ಕೃಷ್ಣನ ವಂಶವೂ ಮುಂದೆ ಹಾಳಾಗುವುದೇ ನಿಜ, ಆದರೆ ಅದು ನಾಳೆಯ ಟೆಸ್ಟಿಗಿಲ್ಲ.

ಇನ್ನು ಹೊಗೆ. ಹೊಗೆ ತೋರದೆ, ಉರುಹದೆ, ಅಂದರೆ ಸುಡದೆ. ಹರಿಯ ಹಗೆ ಹೊಗೆಯನ್ನೂ ತೋರದೆ, ಸುಡಲೂ ಸುಡದೆ ಸುಮ್ಮನೆ ಹೋದೀತೇ ಅಂತ ಒಂದು ಅರ್ಥ. ಹೊಗೆ ತೋರದಿದ್ದರೂ ಸುಡದೆ ಬಿಟ್ಟೀತೇ ಅಂತ ಇನ್ನೊಂದು. ನನಗೆ ಎರಡನೆಯದೇ ಇಷ್ಟ. ನಮ್ಮ ಅಜ್ಜಿಯ ಒಲೆಯಲ್ಲಿ ಕುಳ್ಳು ಹಾಕಿದ ಹೊಸದರಲ್ಲಿ ಮನೆ ತುಂಬ ಹೊಗೆ, ಕಣ್ಣಲ್ಲಿ ನೀರು, ರೊಟ್ಟಿ ಮಾತ್ರ ಬೇಯುತ್ತಿರಲಿಲ್ಲ. ಹೊಗೆ ನಿಂತು, ಏನೂ ಇಲ್ಲ ಅನ್ನುವ ಹಾಗೆ ಕಾಣುತ್ತಿದ್ದಾಗ ಕೈ ಇಟ್ಟು ಸುಟ್ಟುಕೊಳ್ಳುತ್ತಿದ್ದೆವು. ಕೃಷ್ಣ ಆಡಿದ್ದು ಅಂಥ ಮಾತು. ಮೈದುನತನದ ಸರಸದಲ್ಲಿ ಹೊಗೆ ಎಲ್ಲಿತ್ತು?

"ಇದನ್ನ ಬರೀಲೇನ್ರಿ?"

"ಕುಳ್ಳು ಬಿಟ್ಟು ಉಳಿದದ್ದು ಬರಿ."

ಬರೆದ. ಬೆರಳಿಟ್ಟು ಎಣಿಸಿದ. ಹತ್ತು ಸಾಲು. ಕವಿಯೇ 'ಹಲವು ಮಾತೇನು' ಅಂದಿದ್ದಾನೆ, ನಮಗ್ಯಾಕೆ ಜಾಸ್ತಿ ಅಂದೆ. ಅವನು ಒಪ್ಪಲಿಲ್ಲ. ಎರಡು ಸಾಲು ಕಡಿಮೆ ಬಿದ್ದರೆ ಅರ್ಧ ಅಂಕ ಹೋಗುತ್ತದಂತೆ. ಕೆಳಗಿನಿಂದ ಅವರಮ್ಮ ಊಟಕ್ಕೆ ಕರೆದರು. ಒಮ್ಮೆ ಕರೆದರು, ಎರಡು ಸಲ ಕರೆದರು. ನನಗೂ ಹಸಿವಾಗಿತ್ತು.

"ಬರಕೋ" ಅಂದೆ. "ಹೀಗೆ ಕುಮಾರವ್ಯಾಸನು ಪ್ರಸ್ತುತ ಪದ್ಯದಲ್ಲಿ ಕರ್ಣನ ಸ್ವಾಮಿನಿಷ್ಠೆಯನ್ನು ಹಾಗೂ ಆತನ ಮನದ ನೋವನ್ನು ಮನೋಜ್ಞವಾಗಿ ವರ್ಣಿಸಿದ್ದಾನೆ."

ಸರಿಯಾಗಿ ಎರಡು ಸಾಲು ತುಂಬಿತು. ಹುಡುಗ ಮೆಟ್ಟಿಲ ತನಕ ಹೋಗಿ ತಿರುಗಿ ಬಂದ.

"ಕಾಕಾ, ಮನೋಜ್ಞದಾಗ ಗ್ನ ಬರ್ತೈತೇನ್ರಿ, ಜ್ಞ ಬರ್ತೈತ್ರಿ?"