ಮುಟ್ಟುಗೋಲು ಷೇರುಗಳ ಮರುವಿತರಣೆ: ಒಂದು ಸ್ಪಷ್ಟನೆ

“ಮುಟ್ಟುಗೋಲು ಹಾಕಿದ ಷೇರುಗಳಲ್ಲಿ ಕೆಲವನ್ನು ಮರುವಿತರಿಸಿದರೂ ಸಾಕು, ಷೇರು ಮುಟ್ಟುಗೋಲು ಖಾತೆಯ ಪೂರ್ತಿ ಉಳಿಕೆಯನ್ನು ಬಂಡವಾಳ ಮೀಸಲಿಗೆ ವರ್ಗಾಯಿಸಬೇಕು.”

ಇದು ತಪ್ಪು. ಮರುವಿತರಣೆಯಾದ ಷೇರುಗಳಿಗೆ ಸಂಬಂಧಿಸಿದ ಲಾಭ ಮಾತ್ರ ಮೀಸಲಿಗೆ ಹೋಗಬೇಕು.

₹10 ಮುಖಬೆಲೆಯ 100 ಷೇರು ಪಡೆದವರೊಬ್ಬರು ಷೇರಿಗೆ ₹6 ಕಟ್ಟಿ, ಕೊನೆಯ ಕರೆಯ ₹4 ಕಟ್ಟಲಿಲ್ಲ ಎನ್ನೋಣ. ಮುಟ್ಟುಗೋಲಿನ ದಿನ ಷೇರು ಬಂಡವಾಳ ಖಾತೆಗೆ ₹1,000 ಖರ್ಚು ಬರೆದು, ಬಾಕಿ ಕರೆಗಳ ಖಾತೆಗೆ ₹400, ಷೇರು ಮುಟ್ಟುಗೋಲು ಖಾತೆಗೆ ₹600 ಜಮಾ ಮಾಡುತ್ತೇವೆ. ಮುಂದೆ 75 ಷೇರುಗಳನ್ನು ಪೂರ್ಣ ಪಾವತಿಯಾದವೆಂದು ತಲಾ ₹9ಕ್ಕೆ ಮರುವಿತರಿಸಿದರೆ, ₹75 ರಿಯಾಯಿತಿಯನ್ನು ಮುಟ್ಟುಗೋಲು ಖಾತೆಯೇ ಭರಿಸುತ್ತದೆ. ಆಗ ಅಲ್ಲಿ ಉಳಿಯುವ ₹525ನ್ನು ಹಾಗೆಯೇ ಎತ್ತಿ ಮೀಸಲಿಗೆ ಹಾಕುವುದೇ ವಿದ್ಯಾರ್ಥಿಗಳು ಪದೇ ಪದೇ ಎಡವುವ ಜಾಗ. ಆ 75 ಷೇರುಗಳ ಪಾಲು ₹450. ಅದರಲ್ಲಿ ₹75 ಕಳೆದು ₹375 ಮಾತ್ರ ವರ್ಗಾಯಿಸಬೇಕು.

ಮಿಕ್ಕ ₹150 ಇನ್ನೂ ಕಂಪನಿಯ ಕೈಯಲ್ಲಿರುವ 25 ಷೇರುಗಳದ್ದು. ಅವುಗಳ ಮರುವಿತರಣೆಯಲ್ಲಿ ಷೇರಿಗೆ ಗರಿಷ್ಠ ₹6 ರಿಯಾಯಿತಿ ಕೊಡಲು ಆಧಾರವೇ ಈ ಮೊತ್ತವಾದ್ದರಿಂದ, ಅಲ್ಲಿಯವರೆಗೆ ಅದನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ಪಾವತಿಯಾದ ಷೇರು ಬಂಡವಾಳಕ್ಕೆ ಕೂಡಿಸಿ ತೋರಿಸಬೇಕು.