ಹೆಸರಿಲ್ಲದ ಗಿರಾಕಿಗಳು

"ನಮ್ಮ ಹೆಸರನ್ನೂ ಹೀಗೇ ಹಾಕಿಕೊಳ್ತೀರಾ?"

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಹೊಸತರಲ್ಲಿ ನನ್ನ ಪ್ರೊಫೈಲ್ ತಿರುವುತ್ತಾ ಒಬ್ಬ ಮ್ಯಾನೇಜರ್ ಕೇಳಿದರು. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಟ್ಟ ಏಳು ಕಂಪನಿಗಳ ಲೋಗೋ ಅದರಲ್ಲಿ ಮದುವೆ ಪತ್ರಿಕೆಯ 'ಸುಖಾಗಮನ ಬಯಸುವವರು' ಥರ ಸಾಲಾಗಿ ನಿಂತಿದ್ದವು. ಮೆಚ್ಚಿಕೊಂಡರು ಅಂದುಕೊಂಡು "ಖಂಡಿತ" ಅಂದೆ. ಕೆಲಸ ಸಿಗಲಿಲ್ಲ.

ಆಮೇಲೆ ಹೆಸರು ತೆಗೆದೆ. ತೆಗೆದು 'ಸ್ಟುಟ್‌ಗಾರ್ಟ್‌ನ ದುಬಾರಿ ಕಾರುಗಳ ಕಂಪನಿ' ಅಂತ ಒಂದು ಕಡೆ ಬರೆದೆ. ಸಹೋದ್ಯೋಗಿ ನಕ್ಕ: "ಇರೋದೇ ಎರಡು." ಹೌದು, 'ಕರ್ನಾಟಕದ ಅತಿ ದೊಡ್ಡ ಹಾಲು ಮಹಾಮಂಡಳ' ಅಂತ ಬರೆದು ನಂದಿನಿ ಅಂತ ಎಲ್ಲೂ ಹೇಳಿಲ್ಲವಲ್ಲ ಅಂದ ಹಾಗಾಯಿತು. ಗುಟ್ಟು ಬಿಡುವುದು ಹೆಸರಲ್ಲ, ಊರು ಮತ್ತು 'ಅತಿ'.

ಒಂದು ಔಷಧ ಸಗಟು ವ್ಯಾಪಾರಿಯ ಗೋದಾಮಿನ ಕೆಲಸವನ್ನು ನಾಲ್ಕು ಸಲ ತಿದ್ದಿ ಬರೆದೆ. ಕೊನೆಗೆ ಉಳಿದದ್ದು ಇಷ್ಟು: 'ಔಷಧ ಸಗಟು ವಿತರಣೆ, ಸಾವಿರಕ್ಕೂ ಹೆಚ್ಚು ನೌಕರರು. 9 ಜನರ ತಂಡದ ಹೊಣೆ, 11 ತಿಂಗಳು. ಒಂದು ದಿನವೂ ರವಾನೆ ನಿಲ್ಲಿಸದೆ ಹಳೆಯ ಸ್ಟಾಕ್ ವ್ಯವಸ್ಥೆಯಿಂದ ಹೊಸದಕ್ಕೆ ಬದಲಾವಣೆ.' ತಂಡ, ತಿಂಗಳು, ಪಾತ್ರ ನನ್ನವು, ಅವನ್ನು ಕರಾರುವಾಕ್ಕಾಗಿ ಹೇಳಿದೆ. ಅವರ ಅಂಕಿಗಳನ್ನು ಮಾತ್ರ ಸಡಿಲ ಮಾಡಿದೆ. ಸ್ಟಾಕ್ ವ್ಯತ್ಯಾಸ 6%ರಿಂದ 2%ಕ್ಕೆ ಇಳಿಯಿತು ಅಂತ ಮೊದಲು ಹೆಮ್ಮೆಯಿಂದ ಬರೆದಿದ್ದೆ. ನೂರಕ್ಕೆ ಆರು ಲೆಕ್ಕ ತಪ್ಪುತ್ತಿತ್ತು ಅನ್ನುವುದು ಅವರ ಮನೆಯ ಗುಟ್ಟು. 'ಮೂರನೇ ಒಂದು ಪಾಲಿಗೆ ಇಳಿಸಿದೆ' ಅಂದರೂ ನನ್ನ ಕೆಲಸ ಕಾಣುತ್ತದೆ.

ಬರೆದ ಸಾಲನ್ನು ಗೂಗಲ್‌ನಲ್ಲಿ ಹಾಕಿ ನೋಡುತ್ತೇನೆ. ಮೊದಲ ಪುಟದಲ್ಲೇ ಗಿರಾಕಿ ಸಿಕ್ಕರೆ ಇನ್ನೊಂದು ವಿವರ ತೆಗೆಯುತ್ತೇನೆ. ಹೀಗೆಲ್ಲ ಮಾಡಿಯೂ ಒಮ್ಮೆ ಸಿಕ್ಕಿಬಿದ್ದೆ: ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದ ಪಾರ್ಟಿ ಫೋಟೋದಲ್ಲಿ ನನ್ನ ಕೊರಳಿಗೆ ಗಿರಾಕಿ ಕಂಪನಿಯ ಗುರುತುಚೀಟಿ ನೇತಾಡುತ್ತಿತ್ತು.

ಬೆಂಗಳೂರಿನ ಗೆಳೆಯನಿಗೆ ಇದನ್ನು ಹೇಳಿದರೆ, "ಗೌಪ್ಯತೆ ಒಪ್ಪಂದ ಎಲ್ಲರೂ ಸಹಿ ಮಾಡ್ತಾರೆ, ಯಾರು ನೋಡ್ತಾರೆ ಬಿಡೋ" ಅನ್ನುತ್ತಾನೆ. ಅವನ ವೆಬ್‌ಸೈಟಿನಲ್ಲಿ ಈಗ ಇಪ್ಪತ್ತು ಲೋಗೋ. ಮೈ ಉರಿಯುತ್ತದೆ.

ಆದರೂ ಒಪ್ಪಬೇಕು, ಹೆಸರಿಲ್ಲದ ಪ್ರೊಫೈಲ್‌ನಲ್ಲಿ ಬುರುಡೆ ಬಿಡುವುದು ಸುಲಭ. 'ಯುರೋಪಿನ ದೊಡ್ಡ ಬ್ಯಾಂಕ್' ಅಂತ ಯಾರು ಬೇಕಾದರೂ ಬರೆಯಬಹುದು. ಹಾಗಾಗಿಯೇ ಇಲ್ಲಿ ಕೊನೇ ಹಂತದಲ್ಲಿ, ಹಳೆಯ ಗಿರಾಕಿಯ ಒಪ್ಪಿಗೆ ಪಡೆದು, ಫೋನಿನಲ್ಲಿ ಮಾತಾಡಿಸುವ ಪದ್ಧತಿ ಇದೆ. ಅದನ್ನು ಜರ್ಮನ್ನರ ಜಾಣತನ ಅಂದುಕೊಂಡಿದ್ದೆ. ಹೋದ ವರ್ಷ ಹಾಸನದಲ್ಲಿ ಅಮ್ಮನ ಮನೆ ಮಾಳಿಗೆ ರಿಪೇರಿಗೆ ಬಂದ ಮೇಸ್ತ್ರಿಯನ್ನು, ಯಾರ್ಯಾರ ಮನೆ ಮಾಡಿದ್ದೀರಿ ಅಂತ ಕೇಳಿದೆ.

"ಇರಿ ಸಾರ್," ಅಂತ ಮೊಬೈಲ್ ತೆಗೆದ. "ಅವ್ರನ್ನ ಒಂದ್ ಮಾತು ಕೇಳಿ ಹೇಳ್ತೀನಿ."