ಟೆಂಪ್ಲರ್‌ಗಳ ಪೆಟ್ಟಿಗೆ, ರಾಜನ ಕೊಡಲಿ

ಟೆಂಪ್ಲರ್‌ಗಳ ಬಗ್ಗೆ ನಮ್ಮ ಗ್ರೂಪ್‌ಗಳಲ್ಲಿ ಓಡಾಡೋದು ಎರಡೇ ಕಥೆ. ಒಂದು, ಅವರು ಎಲ್ಲೋ ದೊಡ್ಡ ನಿಧಿ ಬಚ್ಚಿಟ್ಟು ಸತ್ತರು ಅನ್ನೋದು. ಇನ್ನೊಂದು, ಜಗತ್ತಿನ ಮೊದಲ ಬ್ಯಾಂಕ್ ಶುರು ಮಾಡಿದ್ದೇ ಅವರು ಅನ್ನೋದು. ಬ್ಯಾಂಕಿನ ಕೌಂಟರ್‌ನಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಈ ಎರಡನೇ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅವರ ಹತ್ತಿರ ದುಡ್ಡು ಇಟ್ಟವರಿಗೆ ನಿಜವಾಗಿ ಏನಾಗ್ತಿತ್ತು? ಓದುತ್ತಾ ಹೋದಂತೆ ಒಂದು ಘಟನೆ ಸಿಕ್ಕಿತು. ಅವರ ಅಂತ್ಯ ಅರ್ಥವಾಗಬೇಕಾದರೆ ನಿಧಿಯ ಕಥೆಗಿಂತ ಇದನ್ನು ಕೇಳಬೇಕು.

ಮೊದಲು ಇವರು ಯಾರು ಅಂತ ಹೇಳಿಬಿಡುತ್ತೇನೆ. 1119-20ರ ಸುಮಾರಿಗೆ ಜೆರುಸಲೇಮಿನಲ್ಲಿ ಯೂಗ್ ದ ಪೇಯಾಂ ಅನ್ನೋ ಫ್ರೆಂಚ್ ಯೋಧ ಕೆಲವರನ್ನು ಸೇರಿಸಿಕೊಂಡು ಯಾತ್ರಿಕರನ್ನು ಕಾಯೋಕೆ ನಿಂತ. ಕತ್ತಿ ಹಿಡಿದ ಸನ್ಯಾಸಿಗಳು ಇವರು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ. ಆದರೆ ಸಂಘಕ್ಕೆ ಆಸ್ತಿ ಇರಬಹುದಿತ್ತು, ಅದು ರಾಶಿ ರಾಶಿಯಾಗಿ ಬಂತು. ಯುರೋಪಿನ ಉದ್ದಗಲಕ್ಕೂ ಜನ ಹೊಲ, ಗಿರಣಿ, ದ್ರಾಕ್ಷಿ ತೋಟ ಬರೆದುಕೊಟ್ಟರು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಕ್ರೆಸಿಂಗ್ ಅನ್ನೋ ಊರನ್ನು 1137ರಲ್ಲಿ ರಾಣಿ ಮಟಿಲ್ಡಾ ದಾನ ಕೊಟ್ಟಳು. ಅಲ್ಲಿ ಅವರು 13ನೇ ಶತಮಾನದಲ್ಲಿ ಕಟ್ಟಿಸಿದ ಎರಡು ಕಣಜಗಳು, ಒಂದು ಬಾರ್ಲಿಗೆ, ಇನ್ನೊಂದು ಗೋಧಿಗೆ, ಇವತ್ತಿಗೂ ನಿಂತಿವೆ. ಪೂರ್ತಿ ಮರದ ಚೌಕಟ್ಟಿನವು. ಟೆಂಪ್ಲರ್ ಸಂಪತ್ತು ಅಂದರೆ ನನ್ನ ಕಣ್ಣಿಗೆ ಬರೋದು ಈ ಕಣಜಗಳೇ. ಇಂಥ ಒಂದೊಂದು ಠಾಣ್ಯವೂ ತನ್ನ ಆದಾಯದಲ್ಲಿ ಒಂದು ಪಾಲನ್ನು, ವಾಡಿಕೆಯಂತೆ ಮೂರನೇ ಒಂದರಷ್ಟನ್ನು, ಪೂರ್ವದ ಕೋಟೆಗಳ ಖರ್ಚಿಗೆ ಕಳಿಸಬೇಕಿತ್ತು.

ಅಷ್ಟು ದೂರಕ್ಕೆ ವರ್ಷ ವರ್ಷ ಹಣ ಸಾಗಿಸೋರಿಗೆ ಹಡಗು, ಕಾವಲು, ಎರಡೂ ಕಡೆ ಗಟ್ಟಿ ಗೋಡೆಯ ಮನೆ, ಲೆಕ್ಕ ಬರೆಯೋರು ಎಲ್ಲಾ ಬೇಕೇ ಬೇಕು. ಇವೆಲ್ಲ ಅವರ ಹತ್ತಿರ ಇದ್ದ ಮೇಲೆ ಊರವರೂ ತಮ್ಮ ದುಡ್ಡು ತಂದು ಇಟ್ಟರು. ಬ್ಯಾಂಕ್ ಹುಟ್ಟಿದ್ದು ಹಾಗೆ, ಯಾರೂ ಕೂತು ಯೋಜನೆ ಹಾಕಿದ್ದಲ್ಲ.

ಈಗ ಆ ಘಟನೆಗೆ ಬರುತ್ತೇನೆ. 1250ರಲ್ಲಿ ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ ಈಜಿಪ್ಟಿನಲ್ಲಿ ಯುದ್ಧ ಸೋತು ಸೆರೆ ಸಿಕ್ಕ. ಬಿಡುಗಡೆಗೆ ಮೊದಲ ಕಂತು ಆಗಿನ ಫ್ರೆಂಚ್ ಹಣದಲ್ಲಿ ಎರಡು ಲಕ್ಷ ಲಿವ್ರ್. ದುಡ್ಡು ಮುಟ್ಟುವ ತನಕ ರಾಜನ ತಮ್ಮ ಅಲ್ಲೇ ಒತ್ತೆ. ನಾಣ್ಯಗಳನ್ನು ಎಣಿಸುತ್ತಿರಲಿಲ್ಲ, ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದರು. ತೂಗಿ ತೂಗಿ ಎರಡು ದಿನ ಕಳೆದ ಮೇಲೆ ಗೊತ್ತಾಯಿತು, ಮೂವತ್ತು ಸಾವಿರ ಲಿವ್ರ್ ಕಡಿಮೆ ಬೀಳುತ್ತೆ ಅಂತ.

ಟೆಂಪ್ಲರ್‌ಗಳ ಹಡಗು ಅಲ್ಲೇ ಇತ್ತು, ಅದರಲ್ಲಿ ಹಣವೂ ಇತ್ತು. ರಾಜನ ಜೊತೆಗಿದ್ದ ಜ್ವಾಂವಿಲ್, ಈ ಕಥೆಯನ್ನು ಮುಂದೆ ಮುದಿ ವಯಸ್ಸಿನಲ್ಲಿ ಬರೆದಿಟ್ಟವನೂ ಅವನೇ, ಹೋಗಿ ಸಾಲ ಕೇಳಿದ. ಅವರ ಕಮಾಂಡರ್ ಖಡಾಖಂಡಿತವಾಗಿ ಆಗಲ್ಲ ಅಂದ. ಈ ಹಣ ನಮ್ಮದಲ್ಲ, ಇಟ್ಟವರಿಗೇ ಹಿಂದಿರುಗಿಸುತ್ತೇವೆ ಅಂತ ಆಣೆ ಮಾಡಿದ್ದೇವೆ, ಬೇರೆಯವರಿಗೆ ಕೊಟ್ಟರೆ ಮಾತು ತಪ್ಪಿದಂತೆ ಅನ್ನೋದು ಅವನ ವಾದ. ನನ್ನ ಪ್ರಕಾರ ಆ ಹೊತ್ತಿನಲ್ಲಿ ಅಲ್ಲಿದ್ದವರಲ್ಲಿ ಸರಿಯಾದ ಬ್ಯಾಂಕರ್ ಅವನೊಬ್ಬನೇ. ಇಬ್ಬರಿಗೂ ಬಿರುಸು ಮಾತಾಯಿತು. ಆಗ ಅವರದೇ ಮಾರ್ಷಲ್ ರೆನೋ ದ ವಿಶಿಯೆ ಮಧ್ಯ ಬಂದ. ನಾವಾಗಿ ಕೊಟ್ಟರೆ ಆಣೆ ಮುರಿಯುತ್ತೆ ನಿಜ, ನೀವು ಬಲವಂತದಿಂದ ತಗೊಂಡರೆ ಮುರಿಯಲ್ಲ, ಹೇಗೂ ನಿಮ್ಮ ಹಣ ಪವಿತ್ರ ನಾಡಿನ ಆಕ್ರ ಬಂದರಿನಲ್ಲಿ ನಮ್ಮ ಬಳಿ ಇದೆ, ಅದರಲ್ಲಿ ಮುರಿದುಕೊಳ್ಳುತ್ತೇವೆ ಅಂದ.

ಜ್ವಾಂವಿಲ್ ಹಡಗಿನ ಒಳಗೆ ಇಳಿದ. ಖಜಾಂಚಿ ಬೀಗದ ಕೈ ಕೊಡಲಿಲ್ಲ. ಅಲ್ಲೇ ಬಿದ್ದಿದ್ದ ಕೊಡಲಿ ಎತ್ತಿಕೊಂಡು, ಇದೇ ರಾಜನ ಬೀಗದ ಕೈ ಅಂದ. ಮಾರ್ಷಲ್ ಅವನ ಕೈ ಹಿಡಿದ. ನೀವು ಬಲ ತೋರಿಸುತ್ತಿದ್ದೀರಿ, ಆದ್ದರಿಂದ ಕೊಡಿಸುತ್ತೇನೆ ಅಂತ ಹೇಳಿ ಬೀಗದ ಕೈ ಕೊಡಿಸಿದ. ತೆರೆದ ಪೆಟ್ಟಿಗೆ ರಾಜನ ಸೇವೆಯಲ್ಲಿದ್ದ ನಿಕೊಲಾ ಅನ್ನೋನದು. ಅಂದರೆ ಅಲ್ಲಿ ಒಬ್ಬೊಬ್ಬರ ದುಡ್ಡು ಒಂದೊಂದು ಪೆಟ್ಟಿಗೆಯಲ್ಲಿತ್ತು. ಇದು ನಮ್ಮ ಲಾಕರ್ ಥರ, ಉಳಿತಾಯ ಖಾತೆ ಥರ ಅಲ್ಲ.

ಅದೇ ಜ್ವಾಂವಿಲ್ ಮುಂದೆ ಆಕ್ರದಲ್ಲಿ ತನ್ನ ಸಂಬಳದ 360 ಲಿವ್ರ್ ಇವರ ಹತ್ತಿರವೇ ಇಟ್ಟ. ಒಂದಷ್ಟು ವಾಪಸ್ ತರೋಕೆ ಆಳನ್ನು ಕಳಿಸಿದರೆ, ನಿನ್ನ ಹಣ ಇಲ್ಲ, ನೀನು ಯಾರೋ ಗೊತ್ತೇ ಇಲ್ಲ ಅನ್ನೋ ಉತ್ತರ ಬಂತು. ಅಷ್ಟರಲ್ಲಿ ಆ ಮಾರ್ಷಲ್ ಇಡೀ ಸಂಘದ ಮುಖ್ಯಸ್ಥನಾಗಿದ್ದ. ಅವನ ಹತ್ತಿರ ದೂರು ಕೊಂಡು ಹೋದರೆ ಅವನೇ ರೇಗಿದ. ನಾಲ್ಕು ದಿನ ಬಿಟ್ಟು, ಹಣ ಸಿಕ್ಕಿತು ಅಂತ ನಗುತ್ತಾ ಬಂದ. ಹಣ ಇಲ್ಲ ಅಂದಿದ್ದ ಅಧಿಕಾರಿಯನ್ನು ಒಂದು ಹಳ್ಳಿಗೆ ವರ್ಗ ಮಾಡಿದ್ದರು. ನನ್ನ ಸರ್ವೀಸಿನಲ್ಲೂ, ಒಬ್ಬ ಅಜ್ಜಿಯ ಠೇವಣಿ ರಸೀದಿ ಯಾರದೋ ಫೈಲಿನಲ್ಲಿ ಸೇರಿಕೊಂಡು ಆಕೆ ಮೂರು ವಾರ ಓಡಾಡಿದ್ದನ್ನು ನೋಡಿದ್ದೇನೆ. ಮೂರನೇ ಸಲ ಬಂದಾಗ ಆಕೆ ಮಾತೇ ಆಡಲಿಲ್ಲ, ಪಾಸ್‌ಬುಕ್ ಮಾತ್ರ ಮುಂದೆ ಹಿಡಿದರು. ಆ ಮುಖ ಇನ್ನೂ ನೆನಪಿದೆ.

ಪ್ಯಾರಿಸ್ಸಿನಲ್ಲಿ ಮಾತ್ರ ಕೆಲಸ ಇನ್ನೊಂದು ಹಂತಕ್ಕೆ ಹೋಗಿತ್ತು. ಅಲ್ಲಿಯ ಅವರ ಕೋಟೆಯಲ್ಲಿ ಫ್ರಾನ್ಸ್ ರಾಜನ ಖಜಾನೆಯೇ ಇರುತ್ತಿತ್ತು. 1295-96ರ ಒಂದು ನಗದು ಪುಸ್ತಕದ ಕೆಲವು ಹಾಳೆಗಳು ಉಳಿದಿವೆ. ದಿನದ ತಾರೀಖು, ಆ ದಿನ ಕೂತ ಕ್ಯಾಶಿಯರ್ ಹೆಸರು, ಎಷ್ಟು ಬಂತು, ಯಾರು ತಂದರು, ಯಾರ ಲೆಕ್ಕಕ್ಕೆ ಜಮಾ. ನಾನು ಬರೆಯುತ್ತಿದ್ದ ಪುಸ್ತಕಕ್ಕೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಆದರೆ ಅತಿ ದೊಡ್ಡ ಗಿರಾಕಿ ರಾಜ, ಕೋಟೆ ಇರೋದು ಅವನದೇ ಊರಲ್ಲಿ. ನನಗೆ ಅಪಾಯ ಕಾಣೋದು ಇಲ್ಲೇ.

1291ರಲ್ಲಿ ಆಕ್ರ ಮುಸ್ಲಿಂ ಸೇನೆಯ ಕೈಗೆ ಬಿತ್ತು. ಅಲ್ಲಿಗೆ ಟೆಂಪ್ಲರ್‌ಗಳಿಗೆ ಕಾಯೋಕೆ ಪವಿತ್ರ ನಾಡು ಉಳಿಯಲಿಲ್ಲ, ಆಸ್ತಿ ಮಾತ್ರ ಉಳಿಯಿತು. ಇತ್ತ ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್‌ಗೆ ಯುದ್ಧದ ಖರ್ಚು ತೂಗಿಸೋಕೆ ಆಗುತ್ತಿರಲಿಲ್ಲ. ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿದ. 1306ರಲ್ಲಿ ಯೆಹೂದಿಗಳನ್ನು ಓಡಿಸಿ ಅವರ ಆಸ್ತಿ ಕಿತ್ತುಕೊಂಡ. ಅದೇ ವರ್ಷ ಒಮ್ಮೆಲೇ ಗಟ್ಟಿ ನಾಣ್ಯಕ್ಕೆ ಮರಳಿದಾಗ ಪ್ಯಾರಿಸ್ಸಿನ ಮನೆ ಬಾಡಿಗೆ ಮೂರು ಪಟ್ಟು ಆಗಿ ಜನ ದಂಗೆ ಎದ್ದರು. ಆಗ ಫಿಲಿಪ್ ಓಡಿಹೋಗಿ ರಕ್ಷಣೆ ಪಡೆದದ್ದು ಇದೇ ಟೆಂಪ್ಲರ್ ಕೋಟೆಯಲ್ಲಿ! ವರ್ಷ ತುಂಬೋದರೊಳಗೆ, 1307ರ ಅಕ್ಟೋಬರ್ 12ರಂದು, ರಾಜಮನೆತನದ ಹೆಣ್ಣುಮಗಳೊಬ್ಬಳ ಅಂತ್ಯಕ್ರಿಯೆಯಲ್ಲಿ ಟೆಂಪ್ಲರ್ ಮುಖ್ಯಸ್ಥ ಜಾಕ್ ದ ಮೊಲೆ ಗೌರವದ ಸ್ಥಾನದಲ್ಲಿ ನಿಂತಿದ್ದ. ಮರುದಿನ ಬೆಳಗಿನ ಜಾವ ಫ್ರಾನ್ಸಿನಾದ್ಯಂತ ಟೆಂಪ್ಲರ್‌ಗಳನ್ನು ಹಿಡಿದರು. ಫಿಲಿಪ್‌ನ ಗುಟ್ಟಿನ ಆದೇಶ ಹೊರಟು ಆಗಲೇ ತಿಂಗಳಾಗಿತ್ತು.

ಆರೋಪ ಧರ್ಮದ್ರೋಹ, ಶಿಲುಬೆಗೆ ಉಗುಳಿದ್ದು ಇತ್ಯಾದಿ. ಪ್ಯಾರಿಸ್ಸಿನಲ್ಲಿ ವಿಚಾರಣೆಯಾದ 138 ಜನರಲ್ಲಿ ಏನನ್ನೂ ಒಪ್ಪದವರು ನಾಲ್ಕೇ ಮಂದಿ. ಚಿತ್ರಹಿಂಸೆ ಕೊಟ್ಟು ಪಡೆದ ಒಪ್ಪಿಗೆಗೆ ನಾನು ಕವಡೆ ಬೆಲೆ ಕೊಡಲ್ಲ. ಮುಂದೆ ಹೇಳಿಕೆ ಹಿಂತೆಗೆದುಕೊಂಡ 54 ಜನರನ್ನು 1310ರ ಮೇ ತಿಂಗಳಲ್ಲಿ ಒಂದೇ ದಿನ ಸುಟ್ಟರು. ಅವತ್ತಿನಿಂದ ಬಾಯಿ ತೆರೆಯೋಕೆ ಉಳಿದವರಿಗೆ ಧೈರ್ಯವಾದರೂ ಎಲ್ಲಿಂದ ಬರಬೇಕು, ಅಲ್ವಾ?

ರಾಜನ ಅಧಿಕಾರಿಗಳು ಠಾಣ್ಯಗಳಿಗೆ ನುಗ್ಗಿ ಮಾಡಿದ ಪಟ್ಟಿಗಳು ಇವೆ. ಹಸು, ಕುರಿ, ಹಂದಿ, ಧಾನ್ಯ, ಪಾತ್ರೆ, ಪೂಜೆಯ ಬಟ್ಟೆ. ನಿಧಿ ಹುಡುಕೋರು ಇವನ್ನು ಓದಬೇಕು. ಹುಡುಕುತ್ತಿರೋ ನಿಧಿ ಹೊಲದಲ್ಲೇ ಮೇಯುತ್ತಿತ್ತು.

1312ರ ಮಾರ್ಚ್‌ನಲ್ಲಿ ಪೋಪ್ ಐದನೇ ಕ್ಲೆಮೆಂಟ್ ಸಂಘವನ್ನು ಮುಚ್ಚಿದ. ಅಪರಾಧಿ ಅಂತ ತೀರ್ಪು ಕೊಡಲಿಲ್ಲ, ಹೆಸರು ಇಷ್ಟು ಕೆಟ್ಟ ಮೇಲೆ ನಡೆಸೋಕೆ ಆಗಲ್ಲ ಅಂತ ತನ್ನ ಅಧಿಕಾರದಿಂದ ರದ್ದು ಮಾಡಿದ, ಅಷ್ಟೇ. ಎರಡು ತಿಂಗಳೊಳಗೆ ಅವರ ಆಸ್ತಿಯನ್ನು ಇನ್ನೊಂದು ಯೋಧ ಸನ್ಯಾಸಿ ಸಂಘವಾದ ಹಾಸ್ಪಿಟಲರ್‌ಗಳಿಗೆ ಬರೆದ. ಆದರೆ ಪೋರ್ಚುಗಲ್ ರಾಜ ಆಸ್ತಿ ಬಿಟ್ಟುಕೊಡದೆ 1319ರಲ್ಲಿ ಹೊಸ ಹೆಸರಿನ ಸಂಘ ಮಾಡಿಸಿಕೊಂಡ.

ಫ್ರಾನ್ಸಿನಲ್ಲೂ ಆ ಜಮೀನು ಹಾಸ್ಪಿಟಲರ್‌ಗಳ ಕೈಗೆ ಸುಮ್ನೆ ಬರಲಿಲ್ಲ. ಫಿಲಿಪ್ ಒಂದು ಲೆಕ್ಕ ಮುಂದಿಟ್ಟ. ಪ್ಯಾರಿಸ್ ಕೋಟೆಯಲ್ಲಿ ನನ್ನ ಖಜಾನೆಯ ಹಣ ಇಟ್ಟಿದ್ದೆ, ಅದು ವಾಪಸ್ ಬಂದಿಲ್ಲ ಅಂದ. ಹಣ ಇಟ್ಟುಕೊಂಡವರನ್ನು ಜೈಲಿಗೆ ಹಾಕಿದ್ದು ಅವನೇ, ಕೋಟೆ ಹಿಡಿದುಕೊಂಡಿದ್ದೂ ಅವನೇ. 1313ರಲ್ಲಿ ಹಾಸ್ಪಿಟಲರ್‌ಗಳು ಅವನಿಗೆ ಎರಡು ಲಕ್ಷ ಲಿವ್ರ್ ಕೊಡೋಕೆ ಒಪ್ಪಿದರು. ಅವನ ಅಜ್ಜ ಲೂಯಿಯನ್ನು ಬಿಡಿಸಲು ನೈಲ್ ದಂಡೆಯಲ್ಲಿ ತಕ್ಕಡಿಗೆ ಹಾಕಿದ ಸಂಖ್ಯೆಯೂ ಅದೇ. ಮರುವರ್ಷ ಮಾರ್ಚ್‌ನಲ್ಲಿ, ತಾನು ಒಪ್ಪಿಕೊಂಡಿದ್ದೆಲ್ಲ ಸುಳ್ಳು ಅಂತ ಜನರ ಮುಂದೆ ಕೂಗಿ ಹೇಳಿದ ಮುದುಕ ಮೊಲೆಯನ್ನು ಸೇನ್ ನದಿಯ ಒಂದು ನಡುಗಡ್ಡೆಯಲ್ಲಿ ಅದೇ ದಿನ ಸಂಜೆ ಸುಟ್ಟರು.